‘ಥ್ಯಾಂಕ್ಸ್ ಫಾರ್ ಇನ್ಫಾರ್ಮ್ಡ್’ ಯಾಕೆ ತಪ್ಪು?

ಪ್ರಶ್ನೆ: ನಾನು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಲೋಡ್ ತಲುಪಿತು ಅಂತ ಪಾರ್ಟಿಯವರು ತಿಳಿಸಿದರೆ ‘ಥ್ಯಾಂಕ್ಸ್ ಫಾರ್ ಇನ್ಫಾರ್ಮ್ಡ್’ ಅಂತ ಮೇಲ್ ಹಾಕುತ್ತಿದ್ದೆ. ಅವರು ಆಗಲೇ ತಿಳಿಸಿ ಆಗಿದೆ, ಹಾಗಾದರೆ ಪಾಸ್ಟ್ ಟೆನ್ಸ್ ಅಲ್ವಾ? ಮ್ಯಾನೇಜರ್ ಅದನ್ನು ‘ಇನ್ಫಾರ್ಮಿಂಗ್’ ಅಂತ ತಿದ್ದಿದರು. ಆದರೆ ‘ಅಪಾಲಜೈಸ್ ಫಾರ್ ದಿ ಡಿಲೇ’ ಅನ್ನೋದನ್ನು ಹಾಗೇ ಬಿಟ್ಟರು. ಅಲ್ಲಿ ‘ಡಿಲೇಯಿಂಗ್’ ಯಾಕೆ ಬೇಡ?

ಉತ್ತರ: ನೀವು ಪಾಸ್ಟ್ ಟೆನ್ಸ್ ಹಾಕಿದ್ದಕ್ಕೆ ಕಾರಣ ನಮ್ಮ ಕನ್ನಡದಲ್ಲೇ ಇದೆ. ತಿದ್ದಿಕೊಳ್ಳುವ ದಾರಿಯೂ ಕನ್ನಡದಲ್ಲೇ ಇದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

‘ತಿಳಿಸಿದ್ದಕ್ಕೆ ಧನ್ಯವಾದ’ ಅನ್ನುತ್ತೇವೆ. ಈ ‘ತಿಳಿಸಿದ್ದಕ್ಕೆ’ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡಿ. ‘ತಿಳಿಸಿದ’, ಅದಕ್ಕೆ ‘ಅದು’, ಅದರ ಮೇಲೆ ‘ಕ್ಕೆ’. ‘ತಿಳಿಸು’ ಅನ್ನೋ ಕ್ರಿಯಾಪದಕ್ಕೆ ನೇರವಾಗಿ ‘ಕ್ಕೆ’ ಅಂಟಿಸಿ ‘ತಿಳಿಸುಕ್ಕೆ’ ಅಂತ ಯಾರೂ ಹೇಳುವುದಿಲ್ಲ. ‘ಮನೆ’ಗೆ ‘ಗೆ’ ಸೇರುತ್ತದೆ, ‘ಮರ’ಕ್ಕೆ ‘ಕ್ಕೆ’ ಸೇರುತ್ತದೆ, ಯಾಕಂದ್ರೆ ಅವು ನಾಮಪದ. ವಿಭಕ್ತಿ ಪ್ರತ್ಯಯ ಸೇರಬೇಕಾದರೆ ಕ್ರಿಯಾಪದ ಮೊದಲು ನಾಮಪದದ ವೇಷ ಹಾಕಬೇಕು. ಆ ವೇಷವೇ ನಡುವೆ ಬಂದ ‘ಅದು’.

ಇಂಗ್ಲಿಷಿನಲ್ಲೂ ಇದೇ ಕಥೆ. ನಮ್ಮ ‘ಕ್ಕೆ’ ಮಾಡುವ ಕೆಲಸವನ್ನು ಅಲ್ಲಿ ‘ಫಾರ್’ ಅನ್ನೋ ಪ್ರಿಪೊಸಿಷನ್ ಮಾಡುತ್ತದೆ. ನಮ್ಮದು ಪದದ ಕೊನೆಗೆ ಅಂಟಿಕೊಳ್ಳುತ್ತದೆ, ಅವರದು ಪದಕ್ಕಿಂತ ಮುಂಚೆ ಬಿಡಿಯಾಗಿ ನಿಲ್ಲುತ್ತದೆ, ಅಷ್ಟೇ. ‘ಫಾರ್’ ಆದಮೇಲೆ ಬರಬೇಕಾದ್ದೂ ನಾಮಪದವೇ. ಕ್ರಿಯಾಪದ ಬರಲೇಬೇಕಿದ್ದರೆ ಅದು ನಾಮಪದವಾಗಿ ಬರಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಇರುವ ವೇಷ ‘ಇಂಗ್’. ಶಾಲೆಯಲ್ಲಿ ‘ಮಾಡುವಿಕೆ’, ‘ನೋಟ’, ‘ಓಟ’ ಇವನ್ನು ಕೃದಂತ ಭಾವನಾಮ ಅಂತ ಕಲಿತಿದ್ದು ನೆನಪಿದೆಯಾ? ‘ಇನ್ಫಾರ್ಮಿಂಗ್’ ಅಂದರೆ ‘ತಿಳಿಸುವಿಕೆ’. ಆ ಸಾಲಿನಲ್ಲೇ ಇದನ್ನೂ ಇಟ್ಟುಕೊಳ್ಳಿ.

ಈಗ ನಿಮ್ಮ ಪಾಸ್ಟ್ ಟೆನ್ಸ್ ವಿಷಯ. ಕನ್ನಡದ ವೇಷದಲ್ಲಿ ಕಾಲ ಉಳಿದುಕೊಳ್ಳುತ್ತದೆ. ‘ತಿಳಿಸಿದ್ದಕ್ಕೆ’ ಅಂದರೆ ಆಗಿಹೋದದ್ದು, ‘ತಿಳಿಸುವುದಕ್ಕೆ’ ಅಂದರೆ ಇನ್ನೂ ಆಗಬೇಕಾದದ್ದು. ಇಂಗ್ಲಿಷಿನ ‘ಇಂಗ್’ನಲ್ಲಿ ಹೀಗೆ ಕಾಲ ಕಾಣುವುದಿಲ್ಲ. ಬಂದು ಕೂತ ಅತಿಥಿಗೆ ‘ಥ್ಯಾಂಕ್ಸ್ ಫಾರ್ ಕಮಿಂಗ್’ ಅನ್ನುತ್ತಾರೆ. ಬಂದಾಗಿದೆ, ಆದರೂ ‘ಕೇಮ್’ ಇಲ್ಲ. ಕಾಲ ಯಾವುದು ಅನ್ನೋದು ಸಂದರ್ಭದಿಂದಲೇ ತಿಳಿಯುತ್ತದೆ. ಮನಸ್ಸಿನಲ್ಲಿ ‘ತಿಳಿಸಿದ್ದಕ್ಕೆ’ ಅಂತ ಬಂದಾಗ ಅದರೊಳಗಿನ ‘ದ’ವನ್ನು ನೀವು ಇಂಗ್ಲಿಷಿಗೂ ಹೊತ್ತುಕೊಂಡು ಹೋಗಿದ್ದೀರಿ. ‘ಇನ್ಫಾರ್ಮ್ಡ್’ ಹುಟ್ಟಿದ್ದು ಹಾಗೆ. ‘ಆಫ್ಟರ್ ಸೆಂಟ್ ದಿ ಬಿಲ್’ ಅಂತ ಬರೆಯುವವರದ್ದೂ ಇದೇ ತಪ್ಪು. ‘ಬಿಲ್ ಕಳಿಸಿದ ಮೇಲೆ’ ಅನ್ನೋ ಕನ್ನಡದ ‘ದ’ ಅಲ್ಲಿ ಇಣುಕುತ್ತಿದೆ. ಅಲ್ಲಿ ‘ಆಫ್ಟರ್ ಸೆಂಡಿಂಗ್ ದಿ ಬಿಲ್’ ಆಗಬೇಕು. ಯಾರು ಕಳಿಸಿದ್ದು ಅಂತ ಸೇರಿಸಿ ‘ಆಫ್ಟರ್ ವೀ ಸೆಂಟ್ ದಿ ಬಿಲ್’ ಅಂದರೆ ಅದೂ ಸರಿ. ಅಲ್ಲಿ ಇಡೀ ವಾಕ್ಯವೇ ಬಂದಿದೆ, ಹಾಗಾಗಿ ವೇಷ ಬೇಡ.

ಮ್ಯಾನೇಜರ್ ತಿದ್ದಿದ ಸಾಲಿಗೆ ನಾನು ಇನ್ನೊಂದು ಪದ ಸೇರಿಸುತ್ತೇನೆ. ‘ಇನ್ಫಾರ್ಮ್’ ಆದಮೇಲೆ ಯಾರಿಗೆ ತಿಳಿಸಿದ್ದು ಅಂತ ಹೇಳಬೇಕು. ‘ಇಂಗ್’ ಹಾಕಿಕೊಂಡರೂ ಆ ಗುಣ ಹೋಗುವುದಿಲ್ಲ. ‘ಥ್ಯಾಂಕ್ಸ್ ಫಾರ್ ಇನ್ಫಾರ್ಮಿಂಗ್ ಅಸ್’ ಅಂತ ಬರೆದರೆ ಸಾಲು ತುಂಬಿದಂತೆ ಇರುತ್ತದೆ. ಬರೀ ‘ಇನ್ಫಾರ್ಮಿಂಗ್’ಗೆ ನಿಲ್ಲಿಸುವುದು ನಮ್ಮ ಆಫೀಸುಗಳಲ್ಲಿ ಜಾಸ್ತಿ ಓಡಾಡುತ್ತದೆ, ಅರ್ಥವೂ ಆಗುತ್ತದೆ. ಆದರೆ ಹೊರಗಿನವರಿಗೆ ಬರೆಯುವಾಗ ‘ಅಸ್’ ಅಥವಾ ‘ಮಿ’ ಬಿಡಬೇಡಿ.

ಇನ್ನು ‘ದಿ ಡಿಲೇ’. ನಿಯಮ ಕೇಳುವುದು ನಾಮಪದವನ್ನು, ‘ಇಂಗ್’ ಅನ್ನಲ್ಲ. ‘ಡಿಲೇ’ ಅನ್ನೋದು ‘ತಡಮಾಡು’ ಕೂಡ ಹೌದು, ‘ತಡ’ ಕೂಡ ಹೌದು. ಹಿಂದೆ ‘ದಿ’ ಕೂತಿದೆಯಲ್ಲ, ಅದೇ ಗುರುತು. ‘ದಿ’ ಬಂದ ಕೂಡಲೇ ಅದು ‘ತಡ’ ಅನ್ನೋ ನಾಮಪದ. ಆಗಲೇ ನಾಮಪದವಾದದ್ದಕ್ಕೆ ಮತ್ತೆ ವೇಷ ಯಾಕೆ? ಯಾವುದನ್ನು ತಡ ಮಾಡಿದ್ದು ಅಂತ ಹೇಳಬೇಕಾದರೆ ಮಾತ್ರ ‘ಅಪಾಲಜೈಸ್ ಫಾರ್ ಡಿಲೇಯಿಂಗ್ ದಿ ಪೇಮೆಂಟ್’ ಅನ್ನಬಹುದು. ಆಗ ‘ಡಿಲೇಯಿಂಗ್’ಗಿಂತ ಮುಂಚೆ ‘ದಿ’ ಬೇಡ. ‘ಅಪಾಲಜೈಸ್ ಫಾರ್ ಲೇಟ್’ ಅನ್ನೋದು ಯಾಕೆ ನಿಲ್ಲುವುದಿಲ್ಲ ಅಂತಲೂ ಈಗ ಗೊತ್ತಾಗುತ್ತದೆ. ‘ಲೇಟ್’ ಇಲ್ಲಿ ನಾಮಪದ ಅಲ್ಲ, ಅದು ಗುಣ ಹೇಳುವ ಪದ. ‘ಫಾರ್ ಬೀಯಿಂಗ್ ಲೇಟ್’ ಅನ್ನಿ, ಇಲ್ಲವೇ ‘ಫಾರ್ ದಿ ಲೇಟ್ ರಿಪ್ಲೈ’ ಅನ್ನಿ.

‘ಫಾರ್’ ಒಂದೇ ಅಲ್ಲ, ಬೇರೆ ಪ್ರಿಪೊಸಿಷನ್‌ಗಳಿಗೂ ಇದೇ ನಿಯಮ. ‘ಇನ್‌ಸ್ಟೆಡ್ ಆಫ್’ನಲ್ಲಿ ಪ್ರಿಪೊಸಿಷನ್ ಅಂದರೆ ಕೊನೆಯ ‘ಆಫ್’. ಹಾಗಾಗಿ ‘ಕಳಿಸುವ ಬದಲು’ ಅನ್ನೋದಕ್ಕೆ ‘ಇನ್‌ಸ್ಟೆಡ್ ಆಫ್ ಸೆಂಡಿಂಗ್’. ‘ಕಳಿಸದೆ’ ಅನ್ನೋದಕ್ಕೆ ‘ವಿದೌಟ್ ಸೆಂಡಿಂಗ್’. ‘ಉತ್ತರ ಕೊಡದೇ ಇದ್ದದ್ದಕ್ಕೆ’ ಅಂತ ಬಂದರೆ ‘ನಾಟ್’ ಅನ್ನು ‘ಇಂಗ್’ ಪದಕ್ಕಿಂತ ಮುಂಚೆ ಇಡಿ: ‘ಸಾರಿ ಫಾರ್ ನಾಟ್ ರಿಪ್ಲೈಯಿಂಗ್’.

ನಿಜವಾಗಿ ತಲೆ ಕೆಡಿಸುವುದು ‘ಟು’. ಅದು ಎರಡು ಕೆಲಸ ಮಾಡುತ್ತದೆ. ‘ವಾಂಟ್ ಟು ಹಿಯರ್’ನಲ್ಲಿ ಅದು ಕ್ರಿಯಾಪದದ ಜೊತೆಗಾರ, ಪ್ರಿಪೊಸಿಷನ್ ಅಲ್ಲ. ‘ಲುಕ್ ಫಾರ್ವರ್ಡ್ ಟು ಹಿಯರಿಂಗ್’ನಲ್ಲಿ ಅಪ್ಪಟ ಪ್ರಿಪೊಸಿಷನ್. ಕಣ್ಣಿಗೆ ಎರಡೂ ಒಂದೇ. ಪತ್ತೆ ಹಚ್ಚಲು ‘ಟು’ ಮುಂದೆ ಒಂದು ಸಾದಾ ನಾಮಪದ ಇಟ್ಟು ಓದಿ. ‘ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಚೆನ್ನಾಗಿ ಕೂತಿತು, ಅಲ್ವಾ? ಹಾಗಾದರೆ ಅಲ್ಲಿ ಕ್ರಿಯಾಪದಕ್ಕೆ ‘ಇಂಗ್’ ಬೇಕು. ‘ವಾಂಟ್ ಟು ಯುವರ್ ರಿಪ್ಲೈ’ ಕೂರುವುದಿಲ್ಲ, ಅಲ್ಲಿ ‘ಇಂಗ್’ ಬೇಡ.

ನಿಮ್ಮ ಕೆಲಸಕ್ಕೆ ಹೊಂದುವ ಒಂದು ಮೇಲ್ ತಿದ್ದಿ ನೋಡೋಣ. ಹತ್ತು ಪೆಟ್ಟಿಗೆ ಹೋಗಬೇಕಿದ್ದ ಕಡೆ ಎಂಟೇ ಹೋಗಿವೆ ಅಂದುಕೊಳ್ಳಿ.

‘ಥ್ಯಾಂಕ್ಸ್ ಫಾರ್ ಇನ್ಫಾರ್ಮ್ಡ್ ಅಬೌಟ್ ದಿ ಶಾರ್ಟೇಜ್. ಇನ್‌ಸ್ಟೆಡ್ ಆಫ್ ಸೆಂಡ್ ಟೆನ್ ಬಾಕ್ಸಸ್, ವೀ ಸೆಂಟ್ ಎಯ್ಟ್. ವೀ ಅಪಾಲಜೀಸ್ ಫಾರ್ ಡಿಲೇ. ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ.’

ಒಂದೊಂದೇ ಪ್ರಿಪೊಸಿಷನ್ ಮೇಲೆ ಬೆರಳಿಟ್ಟು ಅದರ ಮುಂದಿನ ಪದ ನೋಡಿ. ‘ಫಾರ್’ ಮುಂದೆ ‘ಇನ್ಫಾರ್ಮ್ಡ್’: ಅದು ‘ಇನ್ಫಾರ್ಮಿಂಗ್ ಅಸ್’ ಆಗಬೇಕು. ‘ಅಬೌಟ್’ ಮುಂದೆ ‘ದಿ ಶಾರ್ಟೇಜ್’: ನಾಮಪದವೇ, ಮುಟ್ಟಬೇಡಿ. ‘ಆಫ್’ ಮುಂದೆ ‘ಸೆಂಡ್’: ‘ಸೆಂಡಿಂಗ್’. ಅದೇ ಸಾಲಿನ ‘ವೀ ಸೆಂಟ್’ ಹಿಂದೆ ಪ್ರಿಪೊಸಿಷನ್ ಇಲ್ಲ. ಅದು ವಾಕ್ಯದ ಮುಖ್ಯ ಕ್ರಿಯಾಪದ, ಪಾಸ್ಟ್ ಟೆನ್ಸ್ ಇರಬೇಕಾದ ಜಾಗವೇ ಅದು. ಮೂರನೇ ಸಾಲಿನ ‘ಡಿಲೇ’ಗೆ ‘ದಿ’ ಸೇರಿಸಿ. ಜೊತೆಗೆ ‘ಅಪಾಲಜೀಸ್’ ಅಂದರೆ ‘ಕ್ಷಮೆಗಳು’, ‘ವೀ’ ಆದಮೇಲೆ ಬೇಕಾದ್ದು ‘ಅಪಾಲಜೈಸ್’. ಕೊನೆಯ ‘ಟು’ ಮುಂದೆ ‘ಹಿಯರಿಂಗ್’.

‘ಥ್ಯಾಂಕ್ಸ್ ಫಾರ್ ಇನ್ಫಾರ್ಮಿಂಗ್ ಅಸ್ ಅಬೌಟ್ ದಿ ಶಾರ್ಟೇಜ್. ಇನ್‌ಸ್ಟೆಡ್ ಆಫ್ ಸೆಂಡಿಂಗ್ ಟೆನ್ ಬಾಕ್ಸಸ್, ವೀ ಸೆಂಟ್ ಎಯ್ಟ್. ವೀ ಅಪಾಲಜೈಸ್ ಫಾರ್ ದಿ ಡಿಲೇ. ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ.’