ಮಳೆಗಾಲದ ಹೊಳವು ಯಾವ ವಾರ ಬರುತ್ತದೆಂದು ಎಂಜೆಒ ಹೇಳಬಲ್ಲದೇ?

ಓದುಗರ ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಅಡಿಕೆ ತೋಟ. ಪುನರ್ವಸು, ಪುಷ್ಯದಲ್ಲಿ ಬಿಡುವಿಲ್ಲದೆ ಸುರಿದ ಮಳೆ ಕೆಲವು ವರ್ಷ ಆಶ್ಲೇಷದ ಹೊತ್ತಿಗೆ ಹತ್ತು ಹದಿನೈದು ದಿನ ಹೊಳವಾಗುತ್ತದೆ. ಇದಕ್ಕೆ ‘ಎಂಜೆಒ’ ಕಾರಣವೆಂದು ಹವಾಮಾನ ವರದಿಗಳಲ್ಲಿ ಓದುತ್ತೇವೆ. ಹಾಗೆಂದರೇನು? ಅದನ್ನು ನೋಡಿಕೊಂಡು ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಯುವ ದಿನವನ್ನು ಗೊತ್ತುಮಾಡಬಹುದೇ?

ಉತ್ತರ: ದಿನವನ್ನು ಗೊತ್ತುಮಾಡಲಾಗದು. ಆದರೆ ಮುಂದಿನ ಎರಡು ಮೂರು ವಾರಗಳಲ್ಲಿ ಹೊಳವು ಯಾವಾಗ ಸಿಕ್ಕೀತು ಎಂಬ ಅಂದಾಜಿಗೆ ಅದು ನೆರವಾಗುತ್ತದೆ.

ಎಂಜೆಒ ಎಂಬುದು ಮ್ಯಾಡನ್-ಜೂಲಿಯನ್ ಆಂದೋಲನದ ಹ್ರಸ್ವರೂಪ. ರೋಲಂಡ್ ಮ್ಯಾಡನ್ ಮತ್ತು ಪಾಲ್ ಜೂಲಿಯನ್ ಎಂಬ ಅಮೆರಿಕದ ವಿಜ್ಞಾನಿಗಳು ಪೆಸಿಫಿಕ್ ಸಾಗರದ ಕ್ಯಾಂಟನ್ ದ್ವೀಪದಲ್ಲಿ ದಾಖಲಾಗಿದ್ದ ಗಾಳಿ ಮತ್ತು ಒತ್ತಡದ ಅಳತೆಗಳಲ್ಲಿ ಸುಮಾರು 40ರಿಂದ 50 ದಿನಗಳಿಗೊಮ್ಮೆ ಮರುಕಳಿಸುವ ಏರಿಳಿತವನ್ನು ಗುರುತಿಸಿ 1971ರಲ್ಲಿ ಪ್ರಕಟಿಸಿದರು. ಸಾವಿರಾರು ಕಿಲೋಮೀಟರ್ ಅಗಲದ ಮೋಡದ ರಾಶಿಯೊಂದು ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಹುಟ್ಟಿ, ಸಮಭಾಜಕ ವೃತ್ತದ ಗುಂಟ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ, ಅಂದರೆ ದಿನಕ್ಕೆ 430 ಕಿಲೋಮೀಟರಿನಂತೆ, ಪೂರ್ವಕ್ಕೆ ಸಾಗುತ್ತದೆ. ಇಂಡೊನೇಷ್ಯಾವನ್ನು ದಾಟಿ ಪೆಸಿಫಿಕ್‌ನ ನಡುಭಾಗವನ್ನು ತಲಪಲು ಅದಕ್ಕೆ ಒಂದು ತಿಂಗಳಷ್ಟು ಕಾಲ ಬೇಕು. ಅಲ್ಲಿಂದಾಚೆ ಸಮುದ್ರದ ನೀರು ತಣ್ಣಗಿರುವುದರಿಂದ ಮೋಡಗಳು ಕರಗಿಹೋಗುತ್ತವೆ. ರಾಶಿಯ ನಡುವೆ ಮೇಲೇರಿದ ಗಾಳಿ ಅಕ್ಕಪಕ್ಕದಲ್ಲಿ ಕೆಳಗಿಳಿಯುತ್ತದೆ, ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಹೀಗಾಗಿ ಮಳೆಯ ಭಾಗದ ಬೆನ್ನಿಗೇ ಒಣ ಭಾಗವೊಂದು ಹಿಂಬಾಲಿಸುತ್ತದೆ. ಈ ಇಡೀ ಸುತ್ತು ಮುಗಿಯಲು 30ರಿಂದ 60 ದಿನ ಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎರಡರಿಂದ ನಾಲ್ಕು ಮಳೆನಕ್ಷತ್ರಗಳ ಅವಧಿ.

ಸಮಭಾಜಕದ ಗುಂಟ ಸಾಗುವ ಮೋಡಕ್ಕೂ 14 ಡಿಗ್ರಿ ಉತ್ತರದಲ್ಲಿರುವ ಮಲೆನಾಡಿಗೂ ಏನು ನಂಟು ಎಂದು ನೀವು ಕೇಳಬಹುದು. ಬೇಸಿಗೆಯ ಕೊನೆಯಿಂದ ಮಳೆಗಾಲದ ಉದ್ದಕ್ಕೂ ಈ ಮೋಡದ ರಾಶಿ ಪೂರ್ವಕ್ಕೆ ಹೋಗುವುದರ ಜೊತೆಗೆ ಹಿಂದೂ ಮಹಾಸಾಗರದಿಂದ ಉತ್ತರಕ್ಕೂ ನಿಧಾನವಾಗಿ ಸರಿಯುತ್ತದೆ. ಅದರ ವೇಗ ದಿನಕ್ಕೆ ಒಂದು ಡಿಗ್ರಿಯ ಆಸುಪಾಸು. ಆದುದರಿಂದ ಸಮಭಾಜಕದ ಮೇಲೆ ಇಂದು ದಟ್ಟವಾಗಿರುವ ಮೋಡದ ಪಟ್ಟಿ ನಮ್ಮ ಅಕ್ಷಾಂಶಕ್ಕೆ ಬರಲು ಸರಿಸುಮಾರು ಎರಡು ವಾರ ಹಿಡಿಯುತ್ತದೆ. ಅದರ ಹಿಂದಿನ ಒಣ ಪಟ್ಟಿಯೂ ಅಷ್ಟೇ ತಡವಾಗಿ ಬರುತ್ತದೆ. ಒಣ ಪಟ್ಟಿ ಬಂದಾಗ ಅರಬ್ಬೀ ಸಮುದ್ರದಿಂದ ಬೀಸುವ ಪಡುವಣ ಗಾಳಿ ಪರ್ಯಾಯದ್ವೀಪದ ಮೇಲೆ ಸಡಿಲವಾಗುತ್ತದೆ. ಆಗುಂಬೆ, ಹುಲಿಕಲ್ ಘಟ್ಟಗಳ ಮಳೆ ಆ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವುದರಿಂದ ಆಗುವಂಥದ್ದು. ಗಾಳಿಯ ಬಿರುಸು ತಗ್ಗಿದರೆ ಜಡಿಮಳೆ ನಿಂತು, ಬಿಸಿಲು ನಡುನಡುವೆ ಇಣುಕುವ ತುಂತುರು ಮಾತ್ರ ಉಳಿಯುತ್ತದೆ.

2023ನ್ನು ನೆನಪಿಸಿಕೊಳ್ಳಿ. ದೇಶದಲ್ಲಿ ಜುಲೈ ತಿಂಗಳ ಮಳೆ ವಾಡಿಕೆಗಿಂತ ಶೇಕಡ 13ರಷ್ಟು ಹೆಚ್ಚಾಗಿತ್ತು. ಆಶ್ಲೇಷ, ಮಖಾ ಮಳೆಗಳ ಆಗಸ್ಟಿನಲ್ಲಿ ಅದು ಶೇಕಡ 36ರಷ್ಟು ಕುಸಿದು, 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಸೆಪ್ಟೆಂಬರಿನಲ್ಲಿ ಮತ್ತೆ ವಾಡಿಕೆಯನ್ನು ಮೀರಿತು. ಆಗಸ್ಟಿನ ಕೊರತೆಗೆ ಹವಾಮಾನ ಇಲಾಖೆ ಮುಖ್ಯವಾಗಿ ಎಲ್ ನಿನೊವನ್ನು ಹೊಣೆಮಾಡಿತು, ಎಂಜೆಒ ಪ್ರತಿಕೂಲವಾಗಿದ್ದುದನ್ನೂ ಹೆಸರಿಸಿತು. ಇಡೀ ವರ್ಷ ಹಿಂದಿನಿಂದ ತಳ್ಳುತ್ತಿರುವ ಎಲ್ ನಿನೊ ಒಂದು ಕಡೆ, ವಾರಗಳ ಲೆಕ್ಕದಲ್ಲಿ ಬಂದು ಹೋಗುವ ಎಂಜೆಒ ಇನ್ನೊಂದು ಕಡೆ. ಎರಡೂ ಒಂದೇ ದಿಕ್ಕಿಗೆ ಎಳೆದಾಗ ಹೊಳವು ಬರಗಾಲದ ಸ್ವರೂಪ ತಾಳುತ್ತದೆ.

ಇನ್ನು ನಿಮ್ಮ ಔಷಧಿಯ ವಿಷಯ. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆಯನ್ನು ಹೊರಡಿಸುತ್ತದೆ. ಎಂಜೆಒ ಎಂಟು ಹಂತಗಳಲ್ಲಿ ಯಾವುದರಲ್ಲಿದೆ, ಎಷ್ಟು ಬಲವಾಗಿದೆ ಎಂಬ ವಿವರ ಅದರಲ್ಲಿರುತ್ತದೆ. 2 ಮತ್ತು 3ನೆಯ ಹಂತಗಳೆಂದರೆ ಮೋಡ ಹಿಂದೂ ಮಹಾಸಾಗರದ ಮೇಲಿದೆ ಎಂದರ್ಥ, 6 ಮತ್ತು 7 ಎಂದರೆ ಪೆಸಿಫಿಕ್‌ನ ಪಶ್ಚಿಮಕ್ಕೆ ದಾಟಿದೆ ಎಂದರ್ಥ. ಮೊದಲು ನೋಡಬೇಕಾದದ್ದು ಬಲವನ್ನು. ಅದು 1ಕ್ಕಿಂತ ಕಡಿಮೆಯಿದ್ದರೆ ಹಂತದ ಸಂಖ್ಯೆಗೆ ಬೆಲೆ ಕೊಡಬೇಡಿ. ಮಳೆಗಾಲದಲ್ಲಿ ಹಾಗಾಗುವುದು ಸಾಮಾನ್ಯ. ಬಲ 1ನ್ನು ಮೀರಿದ್ದು, ಜುಲೈ ನಡುವಿನಲ್ಲಿ 2ನೆಯ ಹಂತ ಕಂಡರೆ, ಎರಡು ವಾರಗಳಾಚೆ ಮಳೆ ಜೋರಾಗುವ ಸಂಭವ ಹೆಚ್ಚೆಂದು ತಿಳಿದು, ಸುಣ್ಣ, ಮೈಲುತುತ್ತ ತಂದಿಟ್ಟುಕೊಂಡು ಅದಕ್ಕೆ ಮುಂಚಿನ ಬಿಡುವಿನಲ್ಲೇ ಬೋರ್ಡೋ ಹೊಡೆಸುವುದು ಲೇಸು. ಕೊನೆಗಾರರಿಗೆ ಮುಂಚಿತವಾಗಿ ಹೇಳಿಡಲು ಈ ಎರಡು ವಾರದ ಸುಳಿವು ಸಾಕಾಗುತ್ತದೆ. ಆದರೆ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದರೂ ಈ ಲೆಕ್ಕ ಮೂರು ನಾಲ್ಕು ದಿನ ತಪ್ಪಬಹುದಾದ್ದರಿಂದ, ಮರ ಹತ್ತಿಸುವ ದಿನವನ್ನು ಜಿಲ್ಲೆಯ ಐದು ದಿನದ ಮುನ್ಸೂಚನೆಯನ್ನು ನೋಡಿಯೇ ನಿರ್ಧರಿಸಿ.