ನಡುಗುವ ಕೈಯ ಬರಹ: ಅಕ್ಷರಕ್ಕಿಂತ ಮೊದಲು ಸಾಲನ್ನು ನೋಡಿ

ಹಿರಿಯರ ನೋಟುಪುಸ್ತಕಗಳನ್ನು ಗಣಕಕ್ಕೆ ಓದಿಸಲು ಕಲಬುರಗಿಯ ಸುತ್ತಲಿನ ಊರುಗಳಿಂದ ಜನ ನನ್ನಲ್ಲಿಗೆ ಬರುತ್ತಾರೆ. ಕೈ ನಡುಗುತ್ತಿದ್ದುದರಿಂದ ಗೆರೆ ಅಂಕುಡೊಂಕಾಗಿದೆ, ತಂತ್ರಾಂಶ ಎಡವುವುದು ಅಲ್ಲಿಯೇ ಎಂಬುದು ಬಹುತೇಕರ ನಂಬಿಕೆ. ಆದರೆ ತಪ್ಪು ಅನೇಕ ಸಲ ಅದಕ್ಕೂ ಮೊದಲೇ, ಸಾಲುಗಳನ್ನು ಬೇರ್ಪಡಿಸುವಾಗಲೇ ಆಗಿರುತ್ತದೆ.

ಆಳಂದದ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಇಳಿವಯಸ್ಸಿನಲ್ಲಿ ಬರೆದಿಟ್ಟ ತತ್ವಪದಗಳ ಪುಸ್ತಕವನ್ನೇ ನೋಡಿ. ಗೆರೆಯಿಲ್ಲದ ಹಾಳೆ, ಪ್ರತಿ ಸಾಲೂ ಬಲಕ್ಕೆ ಹೋದಂತೆ ಮೇಲೇರುತ್ತದೆ. ತಂತ್ರಾಂಶ ಒಂದೊಂದು ಸಾಲನ್ನೂ ಪಟ್ಟಿಯಾಗಿ ಕತ್ತರಿಸಿ, ಎಲ್ಲ ಪಟ್ಟಿಗಳನ್ನೂ ಒಂದೇ ಎತ್ತರಕ್ಕೆ ಇಳಿಸಿ ಓದುತ್ತದೆ. ಓರೆಯಾದ ಸಾಲಿಗೆ ಎತ್ತರದ ಪಟ್ಟಿ ಬೇಕಾಗುತ್ತದೆ. ಅದನ್ನು ಇಳಿಸಿದಾಗ ಅಕ್ಷರಗಳು ತೀರ ಚಿಕ್ಕದಾಗುತ್ತವೆ. ಜೊತೆಗೆ ಮೇಲಿನ ಸಾಲಿನ ಒತ್ತಕ್ಷರವೂ ಅದೇ ಪಟ್ಟಿಯೊಳಗೆ ಬಂದು, ಕೆಳಗಿನ ಅಕ್ಷರದ ಗುಡಿಸಿಗೆ ತಾಗಿಕೊಳ್ಳುತ್ತದೆ. ಆದ್ದರಿಂದ ನಾನು ಮೊದಲು ತೆರೆದು ನೋಡುವುದು ತಪ್ಪಾದ ಪಠ್ಯವನ್ನಲ್ಲ, ಕತ್ತರಿಸಿದ ಪಟ್ಟಿಗಳನ್ನು. ಸಾಲಿನ ಬುಡದ ಗೆರೆಯನ್ನು ಐದಾರು ಬಿಂದುಗಳಿಟ್ಟು, ಬರಹದ ಓರೆಗೆ ತಕ್ಕಂತೆ ಕೈಯಿಂದಲೇ ಎಳೆದರೆ ಪಟ್ಟಿ ಕಿರಿದಾಗುತ್ತದೆ. ಇಷ್ಟು ಮಾಡಿ, ಬೇರೇನನ್ನೂ ಬದಲಿಸದೆ ತಪ್ಪುಗಳನ್ನು ಮತ್ತೆ ಎಣಿಸಬೇಕು. ಪಾರ್ಕಿನ್ಸನ್ ಇದ್ದವರಲ್ಲಿ ಹಾಳೆಯ ಮೇಲೆಯೇ ಅಕ್ಷರ ಸಾಲಿನ ಕೊನೆಗೆ ಕುಗ್ಗುವುದುಂಟು. ಅದು ಬೇರೆ ಸಂಗತಿ, ಅಳತೆಪಟ್ಟಿ ಇಟ್ಟರೆ ಗೊತ್ತಾಗುತ್ತದೆ.

ಆಮೇಲೆ ಉಳಿಯುವ ತಪ್ಪುಗಳಲ್ಲಿ ನಡುಕದ ಗುರುತು ನಿಜವಾಗಿ ಕಾಣುತ್ತದೆ. ದ ಮತ್ತು ಧ, ಬ ಮತ್ತು ಭ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ; ರ ಮತ್ತು ಠ ಬೇರೆಯಾಗುವುದು ಒಳಗಿನ ಚುಕ್ಕೆಯಿಂದ. ಕೈ ಅದುರಿ ಬಿದ್ದ ಕಚ್ಚು ಅಂಥ ಸೀಳಿನಂತೆಯೇ ಕಾಣುತ್ತದೆ. ಚಿತ್ರವನ್ನು ನಯಗೊಳಿಸಿ ನಡುಕ ತೆಗೆಯೋಣ ಎಂದು ಮನೆಯವರು ಕೇಳುತ್ತಾರೆ, ನಾನು ಬೇಡವೆನ್ನುತ್ತೇನೆ. ಡಿಜಿಟಲ್ ಪೆನ್ನಿನಲ್ಲಿ ಬರೆದಿದ್ದರೆ ಚಲನೆಯ ಕಾಲವೂ ದಾಖಲಾಗಿರುತ್ತದೆ; ಸೆಕೆಂಡಿಗೆ ಸುಮಾರು 4ರಿಂದ 12 ಸಲ ಆಗುವ ನಡುಕವನ್ನು ನಿಧಾನವಾದ ಬರವಣಿಗೆಯಿಂದ ತಕ್ಕಮಟ್ಟಿಗೆ ಬೇರ್ಪಡಿಸಬಹುದು. ಕಾಗದದಲ್ಲಿ ಕಾಲದ ದಾಖಲೆ ಇಲ್ಲ. ಅಲ್ಲಿ ನಯಗೊಳಿಸಿದರೆ ಕಚ್ಚಿನೊಂದಿಗೆ ನಿಜವಾದ ಸೀಳೂ ಅಳಿಸಿಹೋಗುತ್ತದೆ. ಕಪ್ಪು-ಬಿಳುಪಿಗೆ ಇಳಿಸದೆ, ಬೂದು ಛಾಯೆಗಳನ್ನು ಉಳಿಸಿಕೊಂಡು 400 ಡಿಪಿಐನಲ್ಲಿ ಸ್ಕ್ಯಾನ್ ಮಾಡುವುದೇ ಕ್ಷೇಮ.

ಇದಾದ ಮೇಲಷ್ಟೇ ಅವರದೇ ಪುಟಗಳಿಂದ ತಂತ್ರಾಂಶಕ್ಕೆ ತರಬೇತಿ. ಅಚ್ಚುಕಟ್ಟಾದ ಪುಟಗಳನ್ನೇ ಆರಿಸಬಾರದು. ದಣಿದು ಬರೆದ ಪುಟಗಳೂ ಇರಬೇಕು. ಕೆಲವು ಪುಟಗಳನ್ನು ತರಬೇತಿಗೆ ಕೊಡದೆ ಪರೀಕ್ಷೆಗಾಗಿ ಬದಿಗಿಡಬೇಕು. ಅಲ್ಲಿ 400 ಅಕ್ಷರಗಳಲ್ಲಿ ಬದಲಾದವು, ಬಿಟ್ಟುಹೋದವು, ಹೆಚ್ಚಾಗಿ ಸೇರಿದವು ಒಟ್ಟು 60 ಆದರೆ ತಪ್ಪಿನ ಪ್ರಮಾಣ ಶೇ. 15. ನಿಘಂಟಿನ ನೆರವಿನಿಂದ ತಿದ್ದುವ ಸೌಲಭ್ಯವನ್ನು ಇಂಥ ಪುಸ್ತಕಕ್ಕೆ ನಾನು ಬಳಸುವುದಿಲ್ಲ. ಶಿಕ್ಷಕರು ಬರೆದ ‘ನಿಂದ್ರು’ ಎಂಬ ನಮ್ಮ ಕಡೆಯ ಮಾತನ್ನು ಅದು ‘ನಿಂತರು’ ಎಂದು ಬದಲಿಸಿದರೆ, ಪುಟ ಓದಲು ಸಲೀಸಾಗುತ್ತದೆ, ಪದ ಮಾತ್ರ ಅವರದಾಗಿರುವುದಿಲ್ಲ. ಅವರ ಕೈಬರಹ ಬಲ್ಲ ಇಬ್ಬರು ಬೇರೆಬೇರೆಯಾಗಿ ಓದುವ ಕಡೆ ಪ್ರಶ್ನೆಚಿಹ್ನೆ ಹಾಕಿ, ಮೂಲದ ಚಿತ್ರವನ್ನೂ ಪಕ್ಕದಲ್ಲಿಡುತ್ತೇನೆ.