ತೆಂಕಣ ಗಾಳಿಯಿಂದ ದೂರ ತೀರದವರೆಗೆ: ಕರಾವಳಿಯ ನವೋದಯ ಕವಿತೆಯಲ್ಲಿ ಊರು ಮತ್ತು ಹಂಬಲ

ತೆಂಕಣ ಗಾಳಿ ಕನ್ನಡ ಕವಿತೆಗೆ ಹೊಸತೇನಲ್ಲ. ಸುಮಾರು 941ರಲ್ಲಿ ಪಂಪ ತನ್ನ ಭಾರತದಲ್ಲಿ ಬನವಾಸಿಯನ್ನು ನೆನೆದದ್ದೇ ಈ ಗಾಳಿಯ ನೆಪದಿಂದ. ತೆಂಕಣ ಗಾಳಿ ಮೈಗೆ ಸೋಕಿದರೂ ಸಾಕು, ಒಳ್ಳೆಯ ಮಾತು ಕಿವಿಗೆ ಬಿದ್ದರೂ ಸಾಕು, ಅಂಕುಶವಿಟ್ಟು ತಿವಿದರೂ ಸರಿ, 'ನೆನೆವುದೆನ್ನ ಮನಂ ಬನವಾಸಿ ದೇಶಮಂ' ಎನ್ನುತ್ತಾನೆ. ಹಳೆಯ ಕಾವ್ಯದಲ್ಲಿ ಈ ಗಾಳಿ ಯಾವಾಗಲೂ ಮೆಲ್ಲಗೆ ಬರುತ್ತದೆ. ಮಲಯ ಪರ್ವತದಿಂದ ಗಂಧದ ಪರಿಮಳ ಹೊತ್ತು ತರುತ್ತದೆ, ವಿರಹಿಗಳನ್ನು ಕಾಡುತ್ತದೆ. ಸಾವಿರ ವರ್ಷ ಹೆಚ್ಚುಕಮ್ಮಿ ಅದರ ಕೆಲಸ ಇಷ್ಟೇ ಆಗಿತ್ತು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅದೇ ಗಾಳಿಯ ಮೇಲೆ ಒಂದು ಪದ್ಯ ಬರೆದರು. ಹೆಸರು 'ತೆಂಕಣ ಗಾಳಿಯಾಟ'. ಇದರಲ್ಲಿ ಗಂಧವೂ ಇಲ್ಲ, ವಿರಹಿಯೂ ಇಲ್ಲ. ದೂರದಲ್ಲಿ ಏನೋ ಸದ್ದು ಕೇಳುತ್ತದೆ. ಅದು ಏನು ಅಂತ ಹೇಳುವವನಿಗೇ ಗೊತ್ತಾಗುವುದಿಲ್ಲ. 'ಬುಸುಗುಟ್ಟುವ ಪಾತಾಳದ ಹಾವೋ? ಹಸಿವಿನ ಭೂತದ ಕೂಯುವ ಕೂವೋ?' ಎಂದು ಕೇಳುತ್ತಾನೆ. ಆಮೇಲೆ ಗಾಳಿ ಊರೊಳಗೆ ನುಗ್ಗುತ್ತದೆ. ಹೆಂಗಸರ ಉಡಿ ಮುಡಿ ಬಿಚ್ಚಿಹೋಗುತ್ತದೆ, ಮುದುಕರ ಕೊಡೆ ಹರಿಯುತ್ತದೆ, ಹುಡುಗರ ಟೊಪ್ಪಿ ಹಾರುತ್ತದೆ.

ಶಾಲೆಯಲ್ಲಿ ಈ ಪದ್ಯವನ್ನು ಸದ್ದಿನ ಚೆಂದಕ್ಕೆ ಓದಿಸುತ್ತಾರೆ. ಸದ್ದು ಚೆಂದವೇ, ಆದರೆ ಅಷ್ಟಕ್ಕೇ ನಿಂತರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಇಲ್ಲಿ ಬೀಸುವುದು ಕಾವ್ಯದ ಗಾಳಿಯಲ್ಲ, ಕರಾವಳಿಯ ಮಳೆಗಾಲದ ಗಾಳಿ. ಜೂನ್ ಮೊದಲ ವಾರದ ಹೊತ್ತಿಗೆ ನೈಋತ್ಯದಿಂದ ಕಡಲ ಮೇಲೆ ಹಾದು ಮಂಗಳೂರು, ಉಡುಪಿಗೆ ಬಡಿಯುತ್ತದಲ್ಲ, ಅದು. ಮಲಯ ಮಾರುತಕ್ಕೆ ಹೆದರಿ ಕೊಡೆ ಮಡಿಚಿದವರು ಯಾರೂ ಇಲ್ಲ. ಈ ಗಾಳಿಗೆ ಕೊಡೆಯೇ ಉಳಿಯುವುದಿಲ್ಲ.

'ಹಸಿವಿನ ಭೂತ' ಎಂಬ ಮಾತನ್ನೂ ನೋಡಬೇಕು. ಮೈಸೂರಿನ ಓದುಗನಿಗೆ ಭೂತ ಅಂದರೆ ದೆವ್ವ. ತುಳುನಾಡಿನಲ್ಲಿ ಭೂತ ಅಂದರೆ ಮನೆಯ ದೈವ, ಕೋಲದಲ್ಲಿ ಎದುರು ನಿಂತು ಮಾತಾಡುವ ದೈವ. ಮೇ ತಿಂಗಳ 24ರ ಆಸುಪಾಸಿಗೆ ಪತ್ತನಾಜೆ ಬರುತ್ತದೆ. ಅಲ್ಲಿಗೆ ಕೋಲಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದಾಗಿ ಎರಡು ವಾರಕ್ಕೆ ಗಾಳಿ ಮಳೆ. ಪಂಜೆಯವರಿಗೆ ಈ ಲೆಕ್ಕ ಮನಸ್ಸಿನಲ್ಲಿತ್ತೋ ಇಲ್ಲವೋ, ಓದುವ ನಮಗೆ ಅದು ಕೂಡಿಬರುತ್ತದೆ: ಕೋಲ ನಿಂತ ಊರಿನಲ್ಲಿ ಭೂತದ ಕೂಗನ್ನು ಗಾಳಿ ಹಾಕುತ್ತಿದೆ. ಭಯ ಇದೆ, ಆದರೆ ಅದು ಪರಿಚಯದ ಭಯ.

ಅವರ 'ಉದಯರಾಗ'ದಲ್ಲೂ ಇದೇ ನಡೆಯುತ್ತದೆ. 'ಮೂಡುವನು ರವಿ ಮೂಡುವನು, ಕತ್ತಲೊಡನೆ ಜಗಳಾಡುವನು' ಎಂದು ಶುರುವಾಗುವ ಪದ್ಯ ನಮಗೆಲ್ಲ ಬಾಯಿಪಾಠ. ಮುಂದಿನ ಸಾಲಿನಲ್ಲಿ ಮೂಡಣ ದಿಕ್ಕು ರಂಗಸ್ಥಳ ಆಗುತ್ತದೆ. ಅಲ್ಲಿ ನೆತ್ತರು, ಅಲ್ಲೇ ಕುಣಿತ. ರಾತ್ರಿಯಿಡೀ ಬಯಲಾಟ ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಬೆಳಗಿನ ಜಾವ ಪ್ರಸಂಗ ಮುಗಿಯುತ್ತಾ ಬರುತ್ತದೆ, ಯುದ್ಧ ಜೋರಾಗುತ್ತದೆ, ಅದೇ ಹೊತ್ತಿಗೆ ಆಚೆ ಆಕಾಶವೂ ಕೆಂಪೇರುತ್ತದೆ. ಮಕ್ಕಳ ಪದ್ಯ ಅಂತ ಸುಮ್ನೆ ಬದಿಗಿಟ್ಟದ್ದರಲ್ಲಿ ಇಡೀ ಊರಿನ ರಾತ್ರಿ ಇದೆ.

ನವೋದಯದ ಪ್ರಕೃತಿ ಕವಿತೆ ಇಂಗ್ಲಿಷಿನಿಂದ ಬಂತು ಎನ್ನುವ ಮಾತಿದೆ. ಅರ್ಧ ನಿಜ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' ಬಂದ ಮೇಲೆ ಕವಿ ತನ್ನ ಸ್ವಂತ ಮನಸ್ಸನ್ನು ಹೂವು, ಹಕ್ಕಿ, ಬೆಟ್ಟದ ಎದುರು ತೆರೆದಿಡುವುದು ರೂಢಿಯಾಯಿತು. ಅದರ ಜೊತೆಗೆ ಹಳಸಿದ ಸಾಮಾನೂ ಬಂತು. ಎಲ್ಲರ ಪದ್ಯದಲ್ಲೂ ಅದೇ ಬೆಳದಿಂಗಳು, ಅದೇ ಕೋಗಿಲೆ. ಯಾವುದು ಅಲಂಕಾರ, ಯಾವುದು ಅಲ್ಲ ಅಂತ ತಿಳಿಯಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಪದ್ಯವನ್ನು ಎತ್ತಿ ಬೇರೆ ಊರಿನಲ್ಲಿ ಇಟ್ಟು ನೋಡುತ್ತೇನೆ. ಬೆಳದಿಂಗಳಿನ ಪದ್ಯಗಳು ಜಾಸ್ತಿ ಪಾಲು ಎಲ್ಲಿಟ್ಟರೂ ಕೂರುತ್ತವೆ. ಪಂಜೆಯವರ ಗಾಳಿಯನ್ನು ಚಿತ್ರದುರ್ಗದಲ್ಲಿ ಇಡಲು ಆಗುವುದಿಲ್ಲ.

ಆದರೆ ಅದೇ ಪಂಜೆಯವರು ಊರು ಬಿಟ್ಟು ಹೋದಾಗ? ಅವರು ಕೆಲಸದ ಮೇಲೆ ಮಡಿಕೇರಿಗೆ ಹೋದರು, ಅಲ್ಲಿ ಹೆಡ್ ಮಾಸ್ತರರಾಗಿದ್ದರು. 'ಹುತ್ತರಿ ಹಾಡು' ಕೊಡಗಿನ ಹಾಡು. ಹುತ್ತರಿ ಅಲ್ಲಿನ ಹೊಸ ಅಕ್ಕಿಯ ಹಬ್ಬ. ನಮ್ಮ ಕಡೆಯ ಹೊಸ ಅಕ್ಕಿ ಊಟ ಉಂಡವರಿಗೆ ಅದು ತೀರಾ ಅಪರಿಚಿತವಲ್ಲ. ಹಾಡು 'ಎಲ್ಲಿ ಭೂರಮೆ ದೇವಸನ್ನಿಧಿ ಬಯಸಿ ಬಿಮ್ಮನೆ ಬಂದಳೋ' ಎಂದು ಶುರುವಾಗಿ 'ಎಲ್ಲಿ, ಎಲ್ಲಿ' ಎಂದು ಕೇಳುತ್ತಾ ಹೋಗುತ್ತದೆ. ಬೆಟ್ಟ ಬರುತ್ತದೆ, ಕಾವೇರಿ ಬರುತ್ತಾಳೆ. ಕೊನೆಗೆ ಉತ್ತರ: 'ಅಲ್ಲೆ ಆ ಕಡೆ ನೋಡಲಾ! ಅಲ್ಲೆ ಕೊಡವರ ನಾಡಲಾ!'

ಕೊಡಗಿನ ಬಗ್ಗೆ ಇಷ್ಟು ಪ್ರೀತಿಯಿಂದ ಹಾಡಿದ ಕವಿತೆ ಕನ್ನಡದಲ್ಲಿ ಕಡಿಮೆ. ಆದರೂ ಹಾಡುವವನು ನಿಂತ ಜಾಗ ನೋಡಿ. ಅವನು ಬೆರಳು ಮಾಡಿ ಆಚೆಗೆ ತೋರಿಸುತ್ತಿದ್ದಾನೆ. ಗಾಳಿಯ ಪದ್ಯದಲ್ಲಿ ಅವನ ಕೊಡೆಯೇ ಹಾರಿಹೋಗುವಷ್ಟು ಒಳಗಿದ್ದ. ಇಲ್ಲಿ ಬೆಟ್ಟ, ಹೊಳೆ ಎಲ್ಲ ಸ್ವಲ್ಪ ದೂರದಲ್ಲಿ ನಿಂತು ಹೊಳೆಯುತ್ತವೆ. ಗೌರವ ಇದೆ, ಬೆರಗು ಇದೆ, ಆದರೆ ಇದು ನೆಂಟನ ಕಣ್ಣು. ಇದರ ಪಕ್ಕದಲ್ಲಿ ಕುವೆಂಪು ಅವರ 'ಹೋಗುವೆನು ನಾ' ಇಟ್ಟು ಓದಿ. ಮೈಸೂರಿನಲ್ಲಿದ್ದ ಮಲೆನಾಡಿನವರು 'ಮಲೆಯ ನಾಡಿಗೆ, ಮಳೆಯ ಬೀಡಿಗೆ' ಹೋಗುತ್ತೇನೆ ಎನ್ನುತ್ತಾರೆ. ಅಲ್ಲಿ ಕಾಡು ಮಳೆ ಎಲ್ಲ ವಾಪಸು ಹೋಗುವ ದಾರಿ. ಪಂಜೆಯವರ ಕೊಡಗಿಗೆ ಅಂಥ ದಾರಿ ಇಲ್ಲ, ಇರಬೇಕಾಗಿಯೂ ಇಲ್ಲ.

ಇನ್ನು ಮಂಜೇಶ್ವರದ ಗೋವಿಂದ ಪೈಗಳ ಕಥೆ ಬೇರೆ. ಅವರು ಮಂಜೇಶ್ವರದಲ್ಲೇ ನೆಲೆಸಿದ್ದರು, ಅವರಿದ್ದ ನೆಲವೇ ಕೈ ಬದಲಾಯಿಸಿತು. ಪೈಗಳನ್ನು ನಾವು ಜಾಸ್ತಿ ನೆನೆಯುವುದು 1911ರಲ್ಲಿ ಪ್ರಾಸ ಬಿಟ್ಟವರು ಅಂತ. ಈ ಲೇಖನಕ್ಕೆ ಬೇಕಾದದ್ದು ಅವರ 'ಕನ್ನಡಿಗರ ತಾಯಿ'. 'ತಾಯೆ ಬಾರ, ಮೊಗವ ತೋರ, ಕನ್ನಡಿಗರ ಮಾತೆಯೆ' ಎಂದು ಕರೆದು, ಮುಂದೆ ನಾಡಿನಲ್ಲಿ ಏನೇನಿದೆ ಎಂದು ಹೇಳುತ್ತಾರೆ. ಹಣ್ಣು ಕೊಡುವ ಮರ, ಹೂ ಕೊಡುವ ಬಳ್ಳಿ, ತೆನೆ, ಗಾಳಿ, ಹಕ್ಕಿ, ಹಾವು, ನದಿ, ಬೆಟ್ಟ. ಕೊನೆಗೆ ಒಂದು ಪ್ರಶ್ನೆ: ಇಲ್ಲಿ ಇಲ್ಲದ್ದು ಇನ್ನೇನು ಉಳಿದಿದೆ?

ನನ್ನ ಪರೀಕ್ಷೆಯಲ್ಲಿ ಈ ಪಟ್ಟಿ ಪಾಸಾಗುವುದಿಲ್ಲ. ಮರ, ಬಳ್ಳಿ, ಹಕ್ಕಿ ಎಲ್ಲ ಊರಲ್ಲೂ ಇವೆ. ಮಂಜೇಶ್ವರದ ಕಡಲಾಗಲಿ ಅಡಕೆ ತೋಟವಾಗಲಿ ಇದರಲ್ಲಿ ಕಾಣುವುದಿಲ್ಲ. ಹಾಗಂತ ಬಿಟ್ಟುಬಿಡುವ ಹಾಗೂ ಇಲ್ಲ. ಇದನ್ನು ಬರೆದಾಗ ಪೈಗಳು 'ಇಲ್ಲಿ' ಎನ್ನುವ ನಾಡು ನಕ್ಷೆಯಲ್ಲಿ ಇರಲಿಲ್ಲ. ಕೆನರಾ ಜಿಲ್ಲೆಯನ್ನು ಎರಡು ಮಾಡಿ 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟಿದ್ದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿದಿತ್ತು. ಮೈಸೂರು ಅರಸರದ್ದು, ಬೀದರ್ ಕಡೆ ನಿಜಾಮರದ್ದು. ಹೀಗೆ ಹರಿದು ಹಂಚಿದ್ದನ್ನೆಲ್ಲ ಒಂದು ಮೈ ಎಂದು ತೋರಿಸಬೇಕಾದರೆ ಒಂದೇ ಊರಿನ ಮರ ಹೆಸರಿಸಿ ಪ್ರಯೋಜನವಿಲ್ಲ. ಎಲ್ಲರದ್ದೂ ಆಗುವ ಮರ ಬೇಕು. ಅಂದರೆ ಅವರ ಪ್ರಕೃತಿ ಮಸುಕಾಗಿದ್ದು ಕೈಲಾಗದೆ ಅಲ್ಲ, ಇನ್ನೂ ಹುಟ್ಟದ ನಾಡಿನ ಹಂಬಲಕ್ಕೆ ಅದೇ ಸರಿಹೊಂದುತ್ತಿತ್ತು ಅಂತ ನನಗನ್ನಿಸುತ್ತದೆ.

1956ರ ನವೆಂಬರ್ 1ರಂದು ಆ ನಾಡು ಹುಟ್ಟಿತು. ಮಂಜೇಶ್ವರ ಅದರ ಹೊರಗೆ ಬಿತ್ತು, ಕಾಸರಗೋಡಿನ ಜೊತೆ ಕೇರಳಕ್ಕೆ ಸೇರಿತು. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಕವಿಯ ಮನೆ ಇದ್ದಲ್ಲೇ ಇತ್ತು, ರಾಜ್ಯ ಮಾತ್ರ ಬದಲಾಯಿತು. ಅಲ್ಲಿಂದ ಮುಂದೆ ಗಡಿಯ ಕವಿತೆಯ ದನಿಯೂ ಬದಲಾಯಿತು. ಕಯ್ಯಾರ ಕಿಞ್ಞಣ್ಣ ರೈಗಳ 'ಬೆಂಕಿ ಬಿದ್ದಿದೆ ಮನೆಗೆ, ಓ ಬೇಗ ಬನ್ನಿ' ಎಂಬ ಕೂಗಿನಲ್ಲಿ ಬಳ್ಳಿಗೂ ಹಕ್ಕಿಗೂ ಜಾಗವಿಲ್ಲ. ಮನೆ ಇದೆ, ಬೆಂಕಿ ಇದೆ. ಅಷ್ಟೇ.

ಈಗ ಉತ್ತರದ ತುದಿಗೆ ಬರೋಣ. ಇಂದಿನ ಉಡುಪಿ ಜಿಲ್ಲೆಯ ಬೈಂದೂರಿನ ಹತ್ತಿರ ಮೊಗೇರಿ ಎಂಬ ಹಳ್ಳಿ. ಗೋಪಾಲಕೃಷ್ಣ ಅಡಿಗರು 1918ರಲ್ಲಿ ಅಲ್ಲಿ ಹುಟ್ಟಿದರು, ಓದಲು ಮೈಸೂರಿಗೆ ಹೋದರು. ನವ್ಯದ ದೊಡ್ಡ ಕವಿ ಅನ್ನಿಸಿಕೊಳ್ಳುವ ಮೊದಲು ಅವರು ನವೋದಯದ ಲಯದಲ್ಲೇ ಬರೆದರು. 'ಯಾವ ಮೋಹನ ಮುರಳಿ ಕರೆಯಿತೊ' ಆ ಕಾಲದ್ದು.

ಕವಿತೆಯಲ್ಲಿ ಪ್ರಕೃತಿ ಮೂರು ಸಲ ಬರುತ್ತದೆ, ಮೂರು ಸಲವೂ ಬೇರೆ ಕೆಲಸಕ್ಕೆ. ಮೊದಲು ಒಂದು ತೋಟ. ಹೂವು, ಚಂದ್ರ, ಚಂದನ ಎಲ್ಲ ಇವೆ, ಹಳೆ ಕಾವ್ಯದ ಪೂರ್ತಿ ಸಾಮಾನು. ಆದರೆ ತೋಟಕ್ಕೆ ಬೇಲಿ ಇದೆ, ಅದರ ಹೆಸರೇ ಬಯಕೆಯ ತೋಟ. ಇಷ್ಟೇ ಸಾಕು ಅಂತ ಇದ್ದೆಯಲ್ಲ, ಈಗ ಯಾಕೆ ಬೇಸರ ಎಂದು ಕವಿತೆ ಕೇಳುತ್ತದೆ. ಉಳಿದ ನವೋದಯ ಕವಿಗಳಿಗೆ ಮನೆಯಾಗಿದ್ದದ್ದು ಇಲ್ಲಿ ಪಂಜರ.

ಎರಡನೆಯದು ಮರದೊಳಗೆ ಅಡಗಿದ ಬೆಂಕಿ. ಹೊರಗಿನಿಂದ ನೋಡಿದರೆ ಮರ ಹಸಿರಾಗಿಯೇ ಇದೆ. ಏನೋ ತೀಡಿದರೆ, ಏನೋ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಂದರೆ ಹಂಬಲ ಹೊರಗಿನಿಂದ ಬಂದದ್ದಲ್ಲ, ಇದ್ದ ಜಾಗದಲ್ಲೇ ಮೊದಲಿನಿಂದ ಇತ್ತು. ಮೂರನೆಯದು ಕಡಲು, ಏಳು ಸಾಗರಗಳ ಆಚೆ ಮಲಗಿರುವ ಇನ್ನೊಂದು ಸಾಗರ. ಅದರ ಅಲೆಗಳು ಇನ್ನೂ ಮೊಳೆತೇ ಇಲ್ಲ. ಕಡಲ ಸದ್ದು ಕೇಳಿ ಬೆಳೆದ ಹುಡುಗ ಬರೆದ ಕಡಲು ಇದು, ಆದರೆ ಇದು ಮೊಗೇರಿಯ ಪಕ್ಕದ ಕಡಲಲ್ಲ. ಇದಕ್ಕೆ ಊರಿಲ್ಲ, ಬಂದರಿಲ್ಲ. ಪಂಜೆಯವರ ಗಾಳಿ ಹೊರಗಿನಿಂದ ಬಂದು ಊರನ್ನು ಊರಾಗಿ ತೋರಿಸಿತು. ಅಡಿಗರ ಕಡಲು ಊರಿನಲ್ಲಿದ್ದವನನ್ನು ಊರಿನಿಂದ ಬಿಡಿಸುತ್ತದೆ.

'ಇರುವುದೆಲ್ಲವ ಬಿಟ್ಟು ಇರದುದರೆಡೆಗೆ ತುಡಿವುದೆ ಜೀವನ' ಎಂಬ ಸಾಲನ್ನು ಈಗ ಗೋಡೆಗೆ ಬರೆಯುತ್ತಾರೆ, ಭಾಷಣದಲ್ಲಿ ಹೇಳುತ್ತಾರೆ. ಬುದ್ಧಿವಾದ ಅಂದುಕೊಂಡುಬಿಟ್ಟಿದ್ದಾರೆ, ಅಲ್ವಾ? ಕವಿತೆ ಆ ಸಾಲಿನಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ. ಮತ್ತೆ ಯಾವ ಮುರಳಿ, ಯಾವ ಬೃಂದಾವನ ಎಂಬ ಪ್ರಶ್ನೆಗೇ ಬರುತ್ತದೆ. 'ಅಮೆರಿಕಾ ಅಮೆರಿಕಾ' ಸಿನಿಮಾದಲ್ಲಿ ಈ ಹಾಡು ಬಂದ ಮೇಲೆ ದೂರ ತೀರಕ್ಕೆ ಒಂದು ವಿಳಾಸವೂ ಸಿಕ್ಕಿತು. ಮುಂಬಯಿ, ಕೊಲ್ಲಿ ದೇಶ ಅಂತ ಹೊರಟ ನಮ್ಮ ಜಿಲ್ಲೆಗಳ ಜನರಿಗೆ ಅದು ಸರಿಯಾಗಿಯೇ ತಾಗಿತು. ಆದರೆ ವಿಳಾಸ ಸಿಕ್ಕಿದ್ದರಿಂದ ಕವಿತೆ ಸ್ವಲ್ಪ ಸಣ್ಣದಾಯಿತು ಎಂದೇ ನನ್ನ ಅಭಿಪ್ರಾಯ. ಟಿಕೆಟ್ ತೆಗೆದು ಹೋಗಬಹುದಾದ ಜಾಗವಾಗಿದ್ದರೆ ಆ ಬೇಸರ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಅಡಿಗರು ಈ ಇಂಪಿನಲ್ಲಿ ಬಹಳ ದಿನ ನಿಲ್ಲಲಿಲ್ಲ. 1954ರಲ್ಲಿ 'ಚಂಡೆಮದ್ದಳೆ' ಬಂತು. ಹೆಸರು ಯಕ್ಷಗಾನದ್ದು, ಮುರಳಿಯ ಜಾಗಕ್ಕೆ ಚಂಡೆ. ಲಯ ಒರಟಾಯಿತು, ಮಾತು ಮಾತಿನ ಹಾಗೆಯೇ ಆಯಿತು. 1959ರ 'ಭೂಮಿಗೀತ'ದ ಹೊತ್ತಿಗೆ ಭೂಮಿ ತಾಯಿ, ನಾವು ಮಕ್ಕಳು ಎಂದು ನವೋದಯದವರು ಸುಲಭವಾಗಿ ಹೇಳುತ್ತಿದ್ದ ಮಾತನ್ನೇ ಅವರು ಅನುಮಾನಿಸಿದರು.